ಬಿಸಿಲಲ್ಲಿ ಮಾತ್ರ ಕಾಣುವ ಕೆಂಪು

ಕಳೆದ ವರ್ಷ ದಸರಾ ರಜೆಯಲ್ಲಿ ಮೈಸೂರಿನ ನಮ್ಮ ಪಾರ್ಲರಿಗೆ ಒಬ್ಬ ಹೈಸ್ಕೂಲ್ ಟೀಚರ್ ಬಂದಿದ್ದರು. ನಲವತ್ತರ ಹತ್ತಿರದ ವಯಸ್ಸು, ಸೊಂಟದವರೆಗೆ ಇಳಿದ ಜಡೆ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: "ಅಕ್ಕ, ಸ್ಟಾಫ್ ರೂಮಲ್ಲಿ ಕಾಣಬಾರದು, ಹೊರಗೆ ಬಂದಾಗ ಕಾಣಬೇಕು. ಹಂಗೆ ಮಾಡೋಕಾಗುತ್ತಾ?"

ಆಗುತ್ತದೆ ಎಂದೆ. ಆದರೆ ಮೊದಲು ಜಡೆ ಬಿಚ್ಚಿ ಬಾಗಿಲ ಹೊರಗೆ ಬಿಸಿಲಿಗೆ ನಿಲ್ಲಿ ಎಂದೆ. ಇಂಥ ಬಣ್ಣ ಕೇಳಿ ಬರುವವರನ್ನೆಲ್ಲ ನಾನು ಹೀಗೆಯೇ ಹೊರಗೆ ನಿಲ್ಲಿಸುತ್ತೇನೆ. ಬ್ಯಾಂಕಿನವರು, ಕೋರ್ಟಿನವರು, ಸರ್ಕಾರಿ ಕಚೇರಿಯವರು, ಶಾಲೆಯವರು. ಕೂದಲಿಗೆ ಬಣ್ಣ ಹಾಕಬಾರದೆಂದು ಇವರಲ್ಲಿ ಹೆಚ್ಚಿನವರ ಕಚೇರಿಯಲ್ಲಿ ಬರೆದಿಟ್ಟ ನಿಯಮವೇನೂ ಇರುವುದಿಲ್ಲ. ಆದರೂ ತಲೆ ಕೆಂಪಾದ ದಿನ ಯಾರಾದರೊಬ್ಬರು ಒಂದು ಮಾತು ಆಡಿಯೇ ಆಡುತ್ತಾರೆ. ಈ ಟೀಚರಿಗೂ ಹಾಗೆಯೇ ಆಗಿತ್ತು. ಆರು ತಿಂಗಳ ಹಿಂದೆ ಅಂಗಡಿಯಿಂದ ಬರ್ಗಂಡಿ ಡಬ್ಬಿ ತಂದು ಮನೆಯಲ್ಲೇ ಹಚ್ಚಿಕೊಂಡಿದ್ದರು. ಬುಡದ ಎರಡು ಬೆರಳಿನಷ್ಟು ಕೆಂಪಗೆ ಹೊಳೆಯಿತು, ಉದ್ದಕ್ಕೆ ಹಚ್ಚಿದ್ದು ಕಪ್ಪಾಗಿಯೇ ಉಳಿಯಿತು, ಕಿವಿಯ ಮೇಲಿನ ನಾಲ್ಕಾರು ಬಿಳಿ ಕೂದಲು ದಾಸವಾಳದ ಬಣ್ಣಕ್ಕೆ ತಿರುಗಿದವು. "ಮಕ್ಕಳು ನೋಡ್ತಾರೆ ಮೇಡಂ" ಎಂದು ಮುಖ್ಯೋಪಾಧ್ಯಾಯಿನಿ ಪಕ್ಕಕ್ಕೆ ಕರೆದು ಹೇಳಿದರಂತೆ. ಅದೇ ಸಂಜೆ ಇವರು ಬುಡಕ್ಕೆಲ್ಲ ಕಪ್ಪು ಡೈ ಬಳಿದುಕೊಂಡರು.

ಅವರ ತಪ್ಪು ಬಣ್ಣ ಆರಿಸಿದ್ದರಲ್ಲಿ ಇರಲಿಲ್ಲ. ಅದು ಎಲ್ಲಿತ್ತು ಎಂದು ತಿಳಿಯಲು ಕಪ್ಪು ಕೂದಲಿನೊಳಗೆ ಬೆಳಕು ಹೇಗೆ ಓಡಾಡುತ್ತದೆ ಎಂಬುದನ್ನು ನೋಡಬೇಕು.

ಕೂದಲ ಮೇಲೆ ಬೆಳಕು ಬಿದ್ದಾಗ ಒಂದು ಪಾಲು ಹೊರಪೊರೆಯಿಂದಲೇ ಪುಟಿದು ವಾಪಸಾಗುತ್ತದೆ. ಎಣ್ಣೆ ಹಚ್ಚಿ ಬಾಚಿದ ತಲೆಯ ಮೇಲೆ ಬೆಳ್ಳಿಯ ಗೆರೆಯಂತೆ ಕಾಣುವ ಹೊಳಪು ಅದೇ. ಆ ಹೊಳಪಿಗೆ ಬಣ್ಣವಿಲ್ಲ. ಕಪ್ಪು ಕೂದಲಾಗಲಿ ಕೆಂಪು ಕೂದಲಾಗಲಿ, ಅದು ಬಿಳಿಯೇ. ಇನ್ನೊಂದು ಪಾಲು ಎಳೆಯ ಒಳಗೆ ಹೊಕ್ಕು, ಆಚೆ ಬದಿಯ ಗೋಡೆಗೆ ತಾಗಿ, ಮತ್ತೆ ಒಳಗಿಂದಲೇ ಹಾದು ಹೊರಬರುತ್ತದೆ. ದಾರಿಯಲ್ಲಿ ಕೂದಲಿನ ಮೆಲನಿನ್ ಅದರ ಬಹುಭಾಗವನ್ನು ನುಂಗಿಬಿಡುತ್ತದೆ. ನೀಲಿ ಹಸಿರುಗಳನ್ನು ಹೆಚ್ಚು ನುಂಗುತ್ತದೆ, ಕೆಂಪನ್ನು ಕಡಿಮೆ. ಹಾಗಾಗಿಯೇ ಏನೂ ಹಚ್ಚದ ಕಪ್ಪು ಕೂದಲು ಕೂಡ ಬಿಸಿಲಿಗೆ ಒಡ್ಡಿದಾಗ ಅಂಚಿನಲ್ಲಿ ಕಂದಾಗಿ ಕಾಣುತ್ತದೆ. ಈ ಎರಡು ಹೊಳಪುಗಳನ್ನು ಬೇರೆ ಬೇರೆಯಾಗಿ ಅಳೆದು ವಿವರಿಸಿದ್ದು ಸ್ಟೀಫನ್ ಮಾರ್ಶ್ನರ್ ಮತ್ತು ಸಂಗಡಿಗರು, 2003ರಲ್ಲಿ. ಅವರು ಸೌಂದರ್ಯತಜ್ಞರಲ್ಲ, ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ವಿಜ್ಞಾನಿಗಳು. ತೆರೆಯ ಮೇಲೆ ಕೂದಲು ನಿಜದಂತೆ ಕಾಣಬೇಕಾದರೆ ಬಿಳಿ ಹೊಳಪಿನಿಂದ ಸ್ವಲ್ಪ ಸರಿದು ಬೀಳುವ ಈ ಎರಡನೆಯ, ಬಣ್ಣದ ಹೊಳಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅವರು ತೋರಿಸಿದರು.

ನಮ್ಮ ಕೆಲಸವೆಲ್ಲ ಈ ಎರಡನೆಯ ಹೊಳಪಿನಲ್ಲಿದೆ. ಕೂದಲಿನ ಕಪ್ಪನ್ನು ತೆಗೆಯದೆ ಅದರೊಳಗೆ ಸ್ವಲ್ಪ ಕೆಂಪು ಸೇರಿಸಿದರೆ, ಒಳಗೆ ಹೋಗಿ ಬರುವ ಆ ಚಿಕ್ಕ ಪಾಲಿನ ಬೆಳಕಿಗೆ ಮಾತ್ರ ಬಣ್ಣ ಹತ್ತುತ್ತದೆ. ಕಚೇರಿಯ ಮೇಜಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಬೆಳಕಿರುತ್ತದೆ, ಅದೂ ಇಡೀ ಚಾವಣಿಯಿಂದ ಹರಡಿಕೊಂಡು ಬೀಳುವಂಥದ್ದು. ಅಲ್ಲಿ ಬಿಳಿ ಹೊಳಪೂ ಬಣ್ಣದ ಹೊಳಪೂ ಒಂದರೊಳಗೊಂದು ಕಲಸಿಹೋಗುತ್ತವೆ. ನಡುಹಗಲ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತದೆ, ಮತ್ತು ಒಂದೇ ದಿಕ್ಕಿನಿಂದ ಬರುತ್ತದೆ. ಆಗ ಬಣ್ಣದ ಹೊಳಪು ಬೇರೆಯಾಗಿ ನಿಂತು ಕಣ್ಣಿಗೆ ಬೀಳುತ್ತದೆ. ಸಂಜೆ ಐದರ ಇಳಿಬಿಸಿಲಲ್ಲಿ ಸೂರ್ಯನ ಬೆಳಕೇ ಕೆಂಪಿನ ಕಡೆಗೆ ವಾಲಿರುವುದರಿಂದ ಇನ್ನೂ ಚೆನ್ನಾಗಿ ಕಾಣುತ್ತದೆ.

ಟೀಚರ್ ತಂದಿದ್ದ ಡಬ್ಬಿ ಮಾಡಿದ್ದು ಇದಕ್ಕೆ ವಿರುದ್ಧವಾದ ಕೆಲಸ. ಪರ್ಮನೆಂಟ್ ಕಲರಿನಲ್ಲಿ ಅಮೋನಿಯ ಅಥವಾ ಅದರಂಥದ್ದೇ ಇನ್ನೊಂದು ಕ್ಷಾರ ಕೂದಲಿನ ಹೊರಪೊರೆಯನ್ನು ಉಬ್ಬಿಸುತ್ತದೆ. ಜೊತೆಗೆ ಬರುವ ಡೆವಲಪರ್ ಎಂದರೆ ಹೈಡ್ರೋಜನ್ ಪೆರಾಕ್ಸೈಡ್. ಅದು ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತದೆ: ಮೆಲನಿನ್ನನ್ನು ಒಡೆದು ಕೂದಲನ್ನು ತಿಳಿಯಾಗಿಸುತ್ತದೆ, ಬಣ್ಣದ ಸಣ್ಣ ಕಣಗಳನ್ನು ಒಳಗೇ ಬೆಸೆದು ದೊಡ್ಡದು ಮಾಡುತ್ತದೆ. 6 ಶೇಕಡಾದ ಡೆವಲಪರ್, ಪಾರ್ಲರಿನವರು 20 ವಾಲ್ಯೂಮ್ ಎನ್ನುವುದು, ಕೂದಲನ್ನು ಒಂದೆರಡು ಮೆಟ್ಟಿಲು ತಿಳಿಯಾಗಿಸುತ್ತದೆ. 9 ಶೇಕಡಾದ್ದು ಇನ್ನೊಂದು ಮೆಟ್ಟಿಲು ಹೆಚ್ಚು. ನೆತ್ತಿಯ ಶಾಖಕ್ಕೆ ಈ ಕ್ರಿಯೆ ಬುಡದಲ್ಲಿ ಬೇಗ ನಡೆಯುತ್ತದೆ. ಮನೆಯಲ್ಲಿ ಎಲ್ಲರೂ ಮೊದಲು ಹಚ್ಚುವುದೂ ಬುಡಕ್ಕೇ. ಹಾಗಾಗಿ ಬುಡ ಕೆಂಪಗೆ ಉರಿಯುತ್ತದೆ, ತುದಿ ಕಪ್ಪಗೆ ಉಳಿಯುತ್ತದೆ. ಒಮ್ಮೆ ತಿಳಿಯಾದ ಕೂದಲು ಟ್ಯೂಬ್‌ಲೈಟಿನಲ್ಲೂ ಕೆಂಪೇ. ಹಾಕಿದ ಬಣ್ಣ ತೊಳೆದು ಹೋದ ಮೇಲೂ ಅದರಡಿಯಲ್ಲಿ ತಾಮ್ರದ ಛಾಯೆ ಉಳಿದುಬಿಡುತ್ತದೆ. ಎರಡು ತಿಂಗಳ ನಂತರ ಸಹೋದ್ಯೋಗಿಗಳು ಗಮನಿಸುವುದು ಬಹಳ ಸಲ ಬರ್ಗಂಡಿಯನ್ನಲ್ಲ, ಈ ತಾಮ್ರವನ್ನು.

ಹಾಗಾಗಿ ಬಿಸಿಲಲ್ಲಿ ಮಾತ್ರ ಕಾಣಬೇಕು ಎನ್ನುವವರಿಗೆ ನಾನು ಬಳಸುವುದು ಡೆಮಿ ಪರ್ಮನೆಂಟ್. ಅದರ ಡೆವಲಪರ್ 3 ಶೇಕಡಾದಷ್ಟು ಅಥವಾ ಅದಕ್ಕಿಂತ ಮೆದು. ಬಣ್ಣವನ್ನು ಒಳಗೆ ಕೂರಿಸುವಷ್ಟು ಶಕ್ತಿ ಅದಕ್ಕಿದೆ, ಕಪ್ಪನ್ನು ಕಣ್ಣಿಗೆ ಕಾಣುವಷ್ಟು ತೆಗೆಯುವ ಶಕ್ತಿ ಇಲ್ಲ. ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ತಲೆಸ್ನಾನದವರೆಗೆ ನಿಲ್ಲುತ್ತದೆ. ವಾರಕ್ಕೆ ಎರಡು ಸಲ ತಲೆಗೆ ಹಾಕಿಕೊಳ್ಳುವವರಿಗೆ ಹೆಚ್ಚು ಕಡಿಮೆ ಮೂರು ತಿಂಗಳು.

ಇದಕ್ಕೂ ಮಿತಿಯಿದೆ. ಕೂದಲು ಇದ್ದಿಲಿನಷ್ಟು ಕಪ್ಪಾಗಿದ್ದರೆ ಡೆಮಿ ಹಾಕಿದ್ದು ನಡುಹಗಲ ಬಿಸಿಲಿನಲ್ಲೂ ಕಷ್ಟಪಟ್ಟು ಕಾಣುತ್ತದೆ. ಈ ಮೊದಲು ಕಪ್ಪು ಡೈ ಹಚ್ಚಿದ ಕೂದಲಿನಲ್ಲಂತೂ ಕಾಣುವುದೇ ಇಲ್ಲ, ಏಕೆಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಹಚ್ಚಿದರೆ ಕೆಳಗಿನದು ತಿಳಿಯಾಗುವುದಿಲ್ಲ. ಬಂದವರನ್ನು ಮೊದಲು ಹೊರಗೆ ನಿಲ್ಲಿಸುವುದು ಇದಕ್ಕಾಗಿ. ಒಂದು ಗೊಂಚಲನ್ನು ಬೆರಳಲ್ಲಿ ಹರಡಿ ಸೂರ್ಯನಿಗೆ ಅಡ್ಡ ಹಿಡಿದರೆ ಅಂಚು ಕಂದಾಗಿ ಕಂಡರೆ ಡೆಮಿ ಸಾಕು. ಕಪ್ಪಾಗಿಯೇ ಇದ್ದರೆ 6 ಶೇಕಡಾದ ಡೆವಲಪರಿನಲ್ಲಿ ಒಂದು ಮೆಟ್ಟಿಲು ತೆಗೆಯಬೇಕಾದೀತು ಎಂದು ಮೊದಲೇ ಹೇಳುತ್ತೇನೆ. ಅದರ ಜೊತೆ ಬರುವ ತಾಮ್ರದ ಮಾತನ್ನೂ ಹೇಳುತ್ತೇನೆ. ಹೆಚ್ಚಿನವರು ಅಲ್ಲಿಗೇ ಬೇಡ ಎನ್ನುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ.

ಟೀಚರ ಕೂದಲನ್ನು ಹಾಗೆ ಹರಡಿ ನೋಡಿದಾಗ ಮೂರು ಪಟ್ಟೆ ಕಂಡವು. ಬುಡದಿಂದ ಸುಮಾರು ಏಳು ಸೆಂಟಿಮೀಟರ್ ಹೊಸದಾಗಿ ಬೆಳೆದದ್ದು, ಸಹಜ ಬಣ್ಣ. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ, ಆರು ತಿಂಗಳಿಗೆ ಲೆಕ್ಕ ಸರಿಹೋಯಿತು. ಅದರ ಕೆಳಗೆ ನಾಲ್ಕು ಬೆರಳಗಲ ಕಪ್ಪು ಡೈನ ಪಟ್ಟಿ, ಮಂಕಾಗಿ, ಬಿಸಿಲಿಗೂ ಜಗ್ಗದೆ. ಅಲ್ಲಿಂದ ಕೆಳಗೆ ಒಳ್ಳೆಯ ಕಡುಗಂದು, ತುದಿಗೆ ಹೋದಂತೆ ಇನ್ನಷ್ಟು ತಿಳಿ. ಸೊಂಟದ ಹತ್ತಿರದ ಕೂದಲು ಹುಟ್ಟಿ ನಾಲ್ಕು ವರ್ಷದ ಮೇಲಾಗಿರುತ್ತದೆ. ಅಷ್ಟು ದಿನ ಬಿಸಿಲು, ನೀರು, ಬಾಚಣಿಗೆ ಕಂಡು ಅದರ ಹೊರಪೊರೆ ಸವೆದಿರುತ್ತದೆ, ಬಣ್ಣವನ್ನು ಬೇಗ ಹೀರುತ್ತದೆ.

ಇಡೀ ತಲೆಗೆ ಹಚ್ಚಿದ್ದರೆ ನಡುವಿನ ಕಪ್ಪು ಪಟ್ಟಿ ಬಿಸಿಲಲ್ಲಿ ಎದ್ದು ಕಾಣುತ್ತಿತ್ತು. ಹಾಗಾಗಿ ನೆತ್ತಿಯನ್ನೂ ಮೇಲ್ಪದರವನ್ನೂ ಮುಟ್ಟುವುದು ಬೇಡ, ಕಿವಿಯಿಂದ ಕಿವಿಗೆ ಬೈತಲೆ ತೆಗೆದು ಅದರ ಕೆಳಗಿನ ಪದರಗಳಿಗೆ, ಅದೂ ಗಲ್ಲದ ಮಟ್ಟದಿಂದ ಕೆಳಗೆ ಮಾತ್ರ ಹಚ್ಚೋಣ ಎಂದೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಮೇಲಿನ ಕಪ್ಪು ಪದರ ತೆಳುವಾದ ಸೆರಗಿನಂತೆ ಮುಚ್ಚಿಕೊಳ್ಳುತ್ತದೆ, ಬುಡದಲ್ಲಿ ಬಣ್ಣವೇ ಇಲ್ಲವಾದ್ದರಿಂದ ಬೆಳೆದಂತೆಲ್ಲ ಗೆರೆ ಬೀಳುವ ಚಿಂತೆಯೂ ಇಲ್ಲ. ಶಿಸ್ತಿನ ಕೆಲಸದ ಜಾಗಕ್ಕೆ ಹೋಗುವವರಿಗೆ, ಹಳೆಯ ಡೈ ಇರಲಿ ಇಲ್ಲದಿರಲಿ, ನಾನು ಈ ಕೆಳಪದರದ ವಿಧಾನವನ್ನೇ ಹೆಚ್ಚು ಹೇಳುತ್ತೇನೆ.

ಯಾವ ಬಣ್ಣ ಎಂಬ ಪ್ರಶ್ನೆ ಆಮೇಲಿನದು. ಬರ್ಗಂಡಿ ಎಂದರೆ ನೇರಳೆ ಬೆರೆತ ಕೆಂಪು, ಪುನರ್ಪುಳಿ ಶರಬತ್ತನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದ ಹಾಗೆ. ಮಹಾಗನಿ ಎಂದರೆ ಕಂದು ಬೆರೆತ ಕೆಂಪು, ಹೊಸ ಹುಣಸೆಬೀಜದ ಬಣ್ಣ. ಡಬ್ಬಿಯ ಮೇಲಿನ ಅಂಕಿಯಲ್ಲಿ ಚುಕ್ಕೆಗಿಂತ ಮೊದಲಿನದು ಕೂದಲಿನ ಗಾಢತೆ: 1 ಎಂದರೆ ಕಪ್ಪು, 3 ಕಡುಗಂದು, 4 ಕಂದು, 5 ತಿಳಿಗಂದು. ಚುಕ್ಕೆಯ ನಂತರದ್ದು ಛಾಯೆ. ಹಲವು ಕಂಪನಿಗಳಲ್ಲಿ 5 ಮಹಾಗನಿ, 6 ಕೆಂಪು, ಆದರೆ ಇದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಅಂಕಿಯ ಜೊತೆಗಿರುವ ಹೆಸರನ್ನೂ ಓದಬೇಕು. ಗುಟ್ಟಾಗಿ ಉಳಿಯಬೇಕಾದ ಬಣ್ಣಕ್ಕೆ ಚುಕ್ಕೆಯ ಮೊದಲಿನ ಅಂಕಿ 3 ಅಥವಾ 4 ಇರಲಿ. ಡಬ್ಬಿಯ ಮೇಲಿನ ಹುಡುಗಿಯ ಕೂದಲನ್ನು ನೋಡಿ ಆರಿಸಿದರೆ ಮೋಸಹೋಗುತ್ತೀರಿ. ಆ ಬಣ್ಣ ನಿಮ್ಮ ಕೂದಲಿನ ಮೇಲೆ ಬರುವಂಥದ್ದಲ್ಲ.

ಟೀಚರ ಕತ್ತಿನ ಹಿಂದಿನ ಮೂರು ಸಣ್ಣ ಎಳೆಗಳಿಗೆ ಮೂರು ಬಣ್ಣ ಹಚ್ಚಿ ನೋಡಿದೆ: 4ರ ಬರ್ಗಂಡಿ, 4ರ ಮಹಾಗನಿ, 5ರ ಮಹಾಗನಿ. ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ನೋಡಬೇಕು, ಒದ್ದೆ ಕೂದಲು ಯಾವಾಗಲೂ ಇರುವುದಕ್ಕಿಂತ ಕಪ್ಪಗೆ ಕಾಣುತ್ತದೆ. ನೋಡಿದ್ದು ಮೂರು ಕಡೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಮೂರೂ ಕಪ್ಪೇ. ಕಿಟಕಿಯ ಪಕ್ಕ 5ರ ಮಹಾಗನಿ ಗುರುತು ಸಿಕ್ಕಿತು, ಬರ್ಗಂಡಿಯೂ ತುಸು ನೇರಳೆ ತೋರಿತು. ಹೊರಗಿನ ಬಿಸಿಲಲ್ಲಿ ಮೂರೂ ಕಂಡವು. ಕಿಟಕಿಯ ಪರೀಕ್ಷೆಯಲ್ಲಿ ಗೆದ್ದದ್ದು 4ರ ಮಹಾಗನಿ.

ಅವರಿಗೆ ಬರ್ಗಂಡಿಯ ಮೇಲೆ ಮನಸ್ಸಿತ್ತು. ನಾನು ಮಹಾಗನಿಯತ್ತ ಎಳೆದದ್ದಕ್ಕೆ ಕಿಟಕಿಯಲ್ಲದೆ ಇನ್ನೊಂದು ಕಾರಣವೂ ಇತ್ತು. ಬಣ್ಣ ಮಾಸುವಾಗ ಬರ್ಗಂಡಿಯ ನೇರಳೆ ಮತ್ತು ಕೆಂಪು ಒಂದೇ ವೇಗದಲ್ಲಿ ಹೋಗುವುದಿಲ್ಲ, ನಡುವೆ ಒಂದಷ್ಟು ದಿನ ಅದು ತಾನು ಹಚ್ಚಿದ್ದಲ್ಲದ ಬಣ್ಣಕ್ಕೆ ತಿರುಗಬಹುದು. ಮಹಾಗನಿ ಮಾಸಿದರೆ ಕಂದಿಗೆ, ಅಂದರೆ ಅವರದೇ ಕೂದಲಿನ ಬಣ್ಣದ ಕಡೆಗೇ ಹೋಗುತ್ತದೆ. ಕಚೇರಿಯಲ್ಲಿ ಮೇಜು ಕಿಟಕಿಯಿಂದ ದೂರವಿದ್ದು, ತಲೆಯಲ್ಲಿ ಬಿಳಿ ಕೂದಲಿಲ್ಲದವರಿಗೆ ಬರ್ಗಂಡಿಯೂ ಚೆಂದವೇ.

ಕಿಟಕಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ದಿನದಲ್ಲಿ ನೀವು ಯಾವಾಗ ಬಿಸಿಲಲ್ಲಿ ನಿಲ್ಲುತ್ತೀರಿ ಎಂದು ಮೊದಲು ಯೋಚಿಸಿ. ಈ ಟೀಚರ್ ಯೋಚಿಸಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಶಾಲೆಯ ಅಂಗಳದಲ್ಲಿ, ಪೂರ್ವಕ್ಕೆ ಬೆನ್ನು ಮಾಡಿ, ಹದಿನೈದು ನಿಮಿಷ ನಿಲ್ಲುತ್ತಾರೆ. ಎದುರಿಗೆ ನಿಂತು ನೋಡುವವರಿಗೆ ಬೆಳಕು ಕೂದಲಿನೊಳಗೆ ಹಾದು ಬರುತ್ತದೆ, ಬಣ್ಣ ಅತಿ ಹೆಚ್ಚು ಕಾಣುವ ಭಂಗಿ ಅದೇ. ಅದಕ್ಕೂ ಪರಿಹಾರ ಅವರ ಬಳಿಯೇ ಇತ್ತು. ಬಿಗಿಯಾಗಿ ಹೆಣೆದ ಜಡೆಯಲ್ಲಿ ಎಳೆಗಳು ಒತ್ತಾಗಿ ಕೂರುವುದರಿಂದ ಬೆಳಕು ಹಾದು ಬರಲು ಜಾಗವಿರುವುದಿಲ್ಲ, ಕೊಬ್ಬರಿ ಎಣ್ಣೆಯ ಸವರಿಕೆಯೂ ಕೂದಲನ್ನು ಇನ್ನಷ್ಟು ಕಪ್ಪಗೆ ತೋರಿಸುತ್ತದೆ. ಶಾಲೆಗೆ ಎಣ್ಣೆ ಹಚ್ಚಿ ಹೆಣೆದ ಜಡೆ, ಭಾನುವಾರ ಬಿಟ್ಟ ಕೂದಲು.

ಹಚ್ಚುವ ಎರಡು ದಿನ ಮೊದಲು ಅಲರ್ಜಿ ಪರೀಕ್ಷೆ ಮಾಡಿದೆವು. ಇದನ್ನು ಬಿಡಲು ನಾನು ಯಾರಿಗೂ ಒಪ್ಪುವುದಿಲ್ಲ. ಪರ್ಮನೆಂಟ್, ಡೆಮಿ ಎರಡರಲ್ಲೂ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಅಥವಾ ಅದರ ಬಂಧು ಇರುತ್ತದೆ. ಕೆಲವರ ಚರ್ಮಕ್ಕೆ ಅದು ಸ್ವಲ್ಪವೂ ಆಗುವುದಿಲ್ಲ. ಮೊಣಕೈಯ ಒಳಬದಿಗೆ ಅಥವಾ ಕಿವಿಯ ಹಿಂದೆ ಕಂಪನಿ ಹೇಳಿದಂತೆ ಹಚ್ಚಿ 48 ಗಂಟೆ ಕಾಯಬೇಕು. ಕೆಂಪಾಗಿ ತುರಿಸಿದರೆ ಆ ಬಣ್ಣ ಬೇಡ. ಮದುವೆಮನೆಯಲ್ಲಿ ಕಡುಕಪ್ಪು ಕೋನ್ ಮೆಹಂದಿ ಹಾಕಿಸಿಕೊಂಡು ಕೈಯಲ್ಲಿ ಗುಳ್ಳೆ ಎದ್ದಿದ್ದವರು ಪರೀಕ್ಷೆಗೂ ಮೊದಲು ಚರ್ಮವೈದ್ಯರನ್ನು ಕಾಣಬೇಕು. ಆ ಕೋನ್‌ಗಳಲ್ಲಿ ಬಹಳ ಸಲ ಬೆರೆಸಿರುವುದು ಇದೇ ಪಿಪಿಡಿ.

ಹಚ್ಚುವ ಕೆಲಸ ಒಂದು ಗಂಟೆಯೂ ಹಿಡಿಯಲಿಲ್ಲ. ಕೆಳಪದರಗಳಿಗಷ್ಟೇ ಆದ್ದರಿಂದ 60 ಗ್ರಾಂ ಕ್ರೀಮಿಗೆ ಅದರ ಒಂದೂವರೆಪಟ್ಟು, 90 ಮಿಲಿ ಡೆವಲಪರ್ ಸಾಕಾಯಿತು. ಗಲ್ಲದ ಮಟ್ಟದಿಂದ ನಡುಬೆನ್ನಿನವರೆಗೆ ಮೊದಲು ಹಚ್ಚಿದೆ. ಶುರುವಾಗುವ ಜಾಗದಲ್ಲಿ ಬ್ರಷ್ಷನ್ನು ನೇರ ಗೆರೆಯಂತೆ ಇಡದೆ ಎಳೆಯಿಂದ ಎಳೆಗೆ ಮೇಲೆ ಕೆಳಗೆ ಮಾಡಿದೆ, ಇಲ್ಲದಿದ್ದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹದಿಮೂರು ನಿಮಿಷ ಬಿಟ್ಟು ತುದಿಗೆ ಇಳಿಸಿದೆ. ತುದಿಗೆ ಸಿಕ್ಕಿದ್ದು ಏಳು ನಿಮಿಷ, ಉಳಿದದ್ದಕ್ಕೆ ಇಪ್ಪತ್ತು. ಬಣ್ಣ ಹೀರುವ ತುದಿಗಳಿಗೂ ಇಪ್ಪತ್ತು ನಿಮಿಷ ಕೊಟ್ಟಿದ್ದರೆ ಜಡೆಯ ಕೊನೆ ಕುಂಚದಂತೆ ಕೆಂಪಾಗುತ್ತಿತ್ತು. ಕಿವಿಯ ಮೇಲಿನ ಬಿಳಿ ಕೂದಲಿಗೆ ಮಹಾಗನಿ ಸೋಕಿಸಲಿಲ್ಲ. ಬಿಳಿ ಕೂದಲಿನಲ್ಲಿ ಬಣ್ಣವನ್ನು ಮರೆಮಾಡುವ ಮೆಲನಿನ್ ಇಲ್ಲವಾದ್ದರಿಂದ ಅಲ್ಲಿ ಯಾವ ಕೆಂಪಾದರೂ ಕತ್ತಲಲ್ಲೂ ಕೆಂಪೇ. ಅದಕ್ಕೆ ಬೇರೆ ಬಟ್ಟಲಲ್ಲಿ 3ರ ಸಹಜ ಕಡುಗಂದು. ತಲೆಯ ತುಂಬ ಬಿಳಿ ಕೂದಲಿರುವವರು ಇಡೀ ತಲೆಗೆ ಹಚ್ಚಲೇಬೇಕೆಂದರೆ ಸಹಜ ಬಣ್ಣವನ್ನೂ ಮಹಾಗನಿಯನ್ನೂ ಸಮಸಮ ಬೆರೆಸಬೇಕಾಗುತ್ತದೆ. ಆದರೂ ಅಲ್ಲಿ ಗುಟ್ಟು ಪೂರ್ತಿ ಉಳಿಯುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅವರ ಅತ್ತೆ ಒಂದು ಪ್ರಶ್ನೆ ಕಳಿಸಿದ್ದರು: ಮದರಂಗಿ ಹಚ್ಚಿದರೆ ಆಗೋದಿಲ್ಲವಾ? ಆಗುತ್ತದೆ, ಮತ್ತು ಆ ಪ್ರಶ್ನೆಯಲ್ಲಿ ಬಹಳ ತಿಳಿವಳಿಕೆಯಿದೆ. ಮದರಂಗಿ ಎಲೆಯ ಲಾಸೋನ್ ಎಂಬ ಕೆಂಪು ದ್ರವ್ಯ ಕೂದಲಿನ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ, ಕಪ್ಪನ್ನು ಒಂದಿಷ್ಟೂ ತೆಗೆಯುವುದಿಲ್ಲ. ಬಿಳಿ ಕೂದಲೇ ಇಲ್ಲದ ಕಪ್ಪು ತಲೆಗೆ ಅದು ಕೊಡುವುದು ನಾವು ಇಲ್ಲಿ ಹುಡುಕುತ್ತಿರುವ ಬಣ್ಣವನ್ನೇ. ಸೊಂಟದುದ್ದದ ಕೂದಲಿಗೆ ಇನ್ನೂರು ಗ್ರಾಂ ಪುಡಿಯನ್ನು ತಣಿದ ಟೀ ಡಿಕಾಕ್ಷನ್ನಿನಲ್ಲಿ ರಾತ್ರಿ ನೆನೆಸಿ, ಎರಡು ಮೂರು ಗಂಟೆ ಇಟ್ಟು ತೊಳೆಯಬೇಕು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಪುಡಿ ಸೇರಿಸಿ ನೆನೆಸಿದರೆ ಒಗರಿನ ಅಂಶ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ, ಬಣ್ಣ ಮಹಾಗನಿಯ ಕಡೆಗೆ ಗಾಢವಾಗುತ್ತದೆ. ತೊಳೆದ ದಿನ ತುಸು ಕಿತ್ತಳೆಯಾಗಿ ಕಂಡರೂ ಗಾಳಿಗೆ ಎರಡು ದಿನದಲ್ಲಿ ಇಳಿಯುತ್ತದೆ, ಆದ್ದರಿಂದ ಸೋಮವಾರದ ಕೆಲಸಕ್ಕೆ ಶನಿವಾರ ಬೆಳಿಗ್ಗೆಯೇ ಹಚ್ಚಬೇಕು. ಬಿಳಿ ಕೂದಲು ಮಾತ್ರ ಕಿತ್ತಳೆಯಾಗಿಯೇ ಉಳಿಯುತ್ತದೆ, ಮತ್ತು ಹತ್ತಿದ ಮದರಂಗಿ ಮಾಸಿ ಹೋಗುವುದಿಲ್ಲ, ಬೆಳೆದು ಕತ್ತರಿಸಿದಾಗಲೇ ಹೋಗುವುದು. ಪ್ರತಿ ತಿಂಗಳು ಹಚ್ಚುತ್ತಿದ್ದರೆ ಪದರದ ಮೇಲೆ ಪದರ ಕೂತು ವರ್ಷದೊಳಗೆ ಒಳಗಿನ ಬೆಳಕಲ್ಲೂ ಕಾಣತೊಡಗುತ್ತದೆ. ವರ್ಷಕ್ಕೆ ಎರಡು ಮೂರು ಸಲ ಸಾಕು.

ಮದರಂಗಿ ಹಚ್ಚಿದವರು ಪಾರ್ಲರಿಗೆ ಬಂದರೆ ಅದನ್ನು ಹೇಳಲೇಬೇಕು. ಶುದ್ಧ ಎಲೆಪುಡಿಯಾದರೆ ಅಂಥ ತೊಂದರೆಯಿಲ್ಲ. ಆದರೆ ಕೆಲವು ಪೊಟ್ಟಣಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ, ಅದು ಪೆರಾಕ್ಸೈಡ್ ಸೇರಿದಾಗ ಬಿಸಿಯೇರಿ ಕೂದಲನ್ನು ಸುಟ್ಟಂತೆ ಮಾಡಬಹುದು. ಬಾಚಣಿಗೆಯಲ್ಲಿ ಸಿಕ್ಕ ನಾಲ್ಕು ಕೂದಲನ್ನು ಕಲಸಿದ ಬಣ್ಣದೊಳಗೆ ಅರ್ಧ ಗಂಟೆ ಮುಳುಗಿಸಿ ನೋಡುವುದು ನನ್ನ ರೂಢಿ. ಬಟ್ಟಲು ಬಿಸಿಯಾದರೆ, ಕೂದಲು ಲಿಬಲಿಬ ಆದರೆ, ಅವತ್ತಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಟೀಚರಿಗೆ ಕಳಿಸುವಾಗ ಹೇಳಿದ್ದು ಎರಡೇ ಮಾತು. ಮೊದಲ ಮೂರು ದಿನ ತಲೆಗೆ ನೀರು ಬೇಡ. ಆಮೇಲೆ ಎಣ್ಣೆಸ್ನಾನಕ್ಕೆ ಹಂಡೆಯ ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರು, ಏಕೆಂದರೆ ಕೆಂಪು ಬಣ್ಣ ಉಳಿದೆಲ್ಲಕ್ಕಿಂತ ಬೇಗ ತೊಳೆದು ಹೋಗುವಂಥದ್ದು.

ಸಂಕ್ರಾಂತಿಯ ಹೊತ್ತಿಗೆ ಮತ್ತೆ ಬಂದರು. ಮೂರು ತಿಂಗಳಾಗಿತ್ತು. ಒಳಗೆ ಬಾರದೆ ಬಾಗಿಲಲ್ಲೇ ನಿಂತು ಜಡೆ ಬಿಚ್ಚಿ ಬಿಸಿಲಿಗೆ ಹಿಡಿದರು. ಮೇಲಿನ ಭಾಗದಲ್ಲಿ ಬಣ್ಣ ಹೆಚ್ಚು ಕಡಿಮೆ ಹೋಗಿತ್ತು, ನಡುಬೆನ್ನಿನ ಕೆಳಗೆ ಇನ್ನೂ ತೆಳುವಾದ ಹುಣಸೆಬೀಜದ ಹೊಳಪು. ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರಾ ಎಂದು ಕೇಳಿದೆ. "ಒಬ್ಬಳು ಎಂಟನೇ ಕ್ಲಾಸಿನ ಹುಡುಗಿ," ಎಂದರು, "ಆಟದ ಪೀರಿಯಡ್‌ನಲ್ಲಿ ಹಿಂದಿನಿಂದ ಬಂದು, ಮಿಸ್, ನಿಮ್ಮ ಜಡೆ ಬಿಸಿಲಿಗೆ ಬಣ್ಣ ಬದಲಾಯಿಸುತ್ತೆ ಅಂದಳು."

ಈ ಸಲವೂ ಅದೇ 4ರ ಮಹಾಗನಿ, ಕಪ್ಪು ಪಟ್ಟಿ ಇನ್ನೂ ಮೂರು ಬೆರಳಷ್ಟು ಕೆಳಗಿಳಿದಿದ್ದರಿಂದ ಗಲ್ಲದ ಬದಲು ಭುಜದ ಮಟ್ಟದಿಂದ ಶುರುಮಾಡಿದೆವು.